ಸಣ್ಣ ಕೋನದ ಅಂದಾಜು ಎಲ್ಲಿಯವರೆಗೆ ನಡೆಯುತ್ತದೆ?

1611ರಲ್ಲಿ ಯೋಹಾನೆಸ್ ಕೆಪ್ಲರ್ ಮಸೂರಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಆಗಿನ್ನೂ ವಕ್ರೀಭವನದ ಸರಿಯಾದ ನಿಯಮ ಅಚ್ಚಾಗಿರಲಿಲ್ಲ. ಹಾಗಾಗಿ ಕೆಪ್ಲರ್ ಒಂದು ಸುಲಭ ಲೆಕ್ಕ ಹಿಡಿದರು. ಗಾಳಿಯಿಂದ ಗಾಜಿಗೆ ಬರುವ ಕಿರಣ, ತಾನು ಬಿದ್ದ ಕೋನದ ಮೂರನೇ ಒಂದು ಭಾಗದಷ್ಟು ಬಾಗುತ್ತದೆ. 15 ಡಿಗ್ರಿಯಲ್ಲಿ ಬಿದ್ದರೆ 5 ಡಿಗ್ರಿ ಬಾಗಿ, ಗಾಜಿನೊಳಗೆ 10 ಡಿಗ್ರಿಯಲ್ಲಿ ಸಾಗುತ್ತದೆ. ಈ ಲೆಕ್ಕ ಸುಮಾರು 30 ಡಿಗ್ರಿವರೆಗೆ ನಡೆಯುತ್ತದೆ ಎಂದು ಅವರು ಹೇಳಿದರು.

ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಿರುವ ಮಸೂರದ ಸಂಗಮದೂರ ಅದರ ವಕ್ರತಾ ತ್ರಿಜ್ಯದ ಎರಡರಷ್ಟು ಎಂದು ಈ ಲೆಕ್ಕದಿಂದಲೇ ಅವರಿಗೆ ಸಿಕ್ಕಿತು. ವಕ್ರೀಭವನ ಸೂಚ್ಯಂಕ 1.5 ಇರುವ ಗಾಜಿಗೆ ಇಂದಿಗೂ ನಾವು ಅದೇ ಉತ್ತರ ಕೊಡುತ್ತೇವೆ.

1637ರಲ್ಲಿ ದೆಕಾರ್ತ್ ಸೈನ್ ನಿಯಮವನ್ನು ಪ್ರಕಟಿಸಿದರು. ಸ್ನೆಲ್ ಅದಕ್ಕೂ ಮೊದಲೇ ಅದನ್ನು ಕಂಡುಕೊಂಡಿದ್ದರು, ಆದರೆ ಪ್ರಕಟಿಸಿರಲಿಲ್ಲ. ಆ ನಿಯಮದ ಪ್ರಕಾರ 30 ಡಿಗ್ರಿಯಲ್ಲಿ ಬಿದ್ದ ಕಿರಣ ಗಾಜಿನೊಳಗೆ 19.47 ಡಿಗ್ರಿಯಲ್ಲಿ ಹೋಗಬೇಕು. ಕೆಪ್ಲರ್ ಲೆಕ್ಕದಲ್ಲಿ ಅದು 20 ಡಿಗ್ರಿ. ವ್ಯತ್ಯಾಸ ಬರೀ ಅರ್ಧ ಡಿಗ್ರಿ. ಕೆಪ್ಲರ್ ನಿಯಮವೆಂದು ಬಳಸಿದ್ದು ನಿಜಕ್ಕೂ ಒಂದು ಅಂದಾಜು, ಅಂದರೆ ಕೋನದ ಸೈನ್ ಬದಲಿಗೆ ಕೋನವನ್ನೇ ಇಟ್ಟುಕೊಳ್ಳುವ sin θ ≈ θ. ಇಲ್ಲಿ θ ರೇಡಿಯನ್‌ನಲ್ಲಿರಬೇಕು.

ಈ ಅಂದಾಜಿನ ತಪ್ಪು ಎಷ್ಟು ಎಂಬ ಪಟ್ಟಿ ಬಹಳ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. 5 ಡಿಗ್ರಿಯಲ್ಲಿ 0.13%, 10 ಡಿಗ್ರಿಯಲ್ಲಿ 0.5%, 20 ಡಿಗ್ರಿಯಲ್ಲಿ 2%, 30 ಡಿಗ್ರಿಯಲ್ಲಿ 4.7%. ಪಟ್ಟಿ ನೋಡಿದವರು 10 ಡಿಗ್ರಿ ಒಳಗಿದ್ದರೆ ಸಾಕು, ತಪ್ಪು ಅರ್ಧ ಶೇಕಡಾ ಮಾತ್ರ ಅಂದುಕೊಳ್ಳುತ್ತಾರೆ. ಆದರೆ ನಮಗೆ ಬೇಕಾಗಿರುವುದು ಸೈನ್ ಅಲ್ಲ, ಬೆಳಕು ಎಲ್ಲಿ ಸೇರುತ್ತದೆ ಎಂಬ ದೂರ, ಅಲ್ವಾ? ಆ ದೂರದಲ್ಲಿ ತಪ್ಪು ಬೇರೆಯೇ ಆಗಿರುತ್ತದೆ, ಮತ್ತು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ.

ಮೊದಲು ಗೋಳಾಕಾರದ ನಿಮ್ನ ದರ್ಪಣ ನೋಡೋಣ. ಇಲ್ಲಿ ಪ್ರತಿಫಲನದ ನಿಯಮದಲ್ಲಿ ಯಾವ ಅಂದಾಜೂ ಇಲ್ಲ. ಬಿದ್ದ ಕೋನ, ಚಿಮ್ಮಿದ ಕೋನ ಎರಡೂ ಒಂದೇ, ಅದು ಎಷ್ಟೇ ದೊಡ್ಡದಿದ್ದರೂ. ಅಂದಾಜು ನುಸುಳುವುದು ಕನ್ನಡಿಯ ಆಕಾರದ ಲೆಕ್ಕದಲ್ಲಿ. ಅಕ್ಷಕ್ಕೆ ಸಮಾಂತರವಾಗಿ, ಅದರಿಂದ h ಎತ್ತರದಲ್ಲಿ ಒಂದು ಕಿರಣ ಬರಲಿ. ಕನ್ನಡಿಯ ತ್ರಿಜ್ಯ R. ಕಿರಣ ಬೀಳುವ ಕೋನ θ ಆದರೆ sin θ = h/R. ಚಿಮ್ಮಿದ ಕಿರಣ ಅಕ್ಷ ದಾಟುವ ಜಾಗ, ವಕ್ರತಾ ಕೇಂದ್ರ ಮತ್ತು ಕಿರಣ ಬಿದ್ದ ಜಾಗ ಸೇರಿ ಎರಡು ಬದಿ ಸಮವಾಗಿರುವ ತ್ರಿಭುಜ ಆಗುತ್ತದೆ. ಅದರಿಂದ ಕಿರಣ ಅಕ್ಷವನ್ನು ದಾಟುವ ಜಾಗ ನೇರವಾಗಿ ಸಿಗುತ್ತದೆ. ಕನ್ನಡಿಯ ಧ್ರುವದಿಂದ ಆ ಜಾಗಕ್ಕೆ ಇರುವ ದೂರ:

R − R/(2 cos θ)

θ ತೀರಾ ಸಣ್ಣದಿದ್ದರೆ cos θ ಒಂದಕ್ಕೆ ಹತ್ತಿರ. ಆಗ ಇದು R/2 ಆಗುತ್ತದೆ. ಶಾಲೆಯಲ್ಲಿ ಕಲಿಯುವ ಸಂಗಮದೂರ ಇದೇ. ಕೋನ ಬೆಳೆದಂತೆ ಕಿರಣ ಅಕ್ಷವನ್ನು ಕನ್ನಡಿಗೆ ಇನ್ನೂ ಹತ್ತಿರದಲ್ಲಿ ದಾಟುತ್ತದೆ. 10 ಡಿಗ್ರಿಯಲ್ಲಿ ಸಂಗಮದೂರ 1.5% ಕಡಿಮೆ. 20 ಡಿಗ್ರಿಯಲ್ಲಿ 6.4%, 30 ಡಿಗ್ರಿಯಲ್ಲಿ 15.5%. 60 ಡಿಗ್ರಿಯಲ್ಲಿ ಕಿರಣ ನೇರವಾಗಿ ಕನ್ನಡಿಯ ಧ್ರುವಕ್ಕೇ ಹೋಗಿ ಬೀಳುತ್ತದೆ, ಅಂದರೆ ದೂರ ಸೊನ್ನೆ.

ಸೈನ್ ಪಟ್ಟಿಯ ಜೊತೆ ಇದನ್ನು ಇಟ್ಟು ನೋಡಿ. 10 ಡಿಗ್ರಿಯಲ್ಲಿ ಅಲ್ಲಿ 0.5%, ಇಲ್ಲಿ 1.5%. ಸೈನ್‌ನ ತಪ್ಪು ಸುಮಾರು θ²/6. ಸಂಗಮದೂರದ ತಪ್ಪು ಸುಮಾರು θ²/2. ಮೂರು ಪಟ್ಟು.

ಹಾಗಾದರೆ ಶಾಲೆಯ ಪ್ರಯೋಗದಲ್ಲಿ ಇದು ಯಾಕೆ ಕಾಣುವುದಿಲ್ಲ? ಸಂಗಮದೂರ 20 ಸೆಂಟಿಮೀಟರ್, ಅಗಲ 5 ಸೆಂಟಿಮೀಟರ್ ಇರುವ ಕನ್ನಡಿ ತೆಗೆದುಕೊಳ್ಳಿ. ತ್ರಿಜ್ಯ 40, ಅಂಚಿನ ಎತ್ತರ 2.5. ದೂರದ ವಸ್ತುವಿನಿಂದ ಅಂಚಿಗೆ ಬರುವ ಕಿರಣದ ಕೋನ 3.6 ಡಿಗ್ರಿ. ತಪ್ಪು 0.2%, ಅಂದರೆ 0.4 ಮಿಲಿಮೀಟರ್. ಸ್ಕೇಲಿನಲ್ಲಿ ಅದನ್ನು ಓದಲು ಆಗುವುದಿಲ್ಲ. ಅದೇ ಸಂಗಮದೂರದ ಕನ್ನಡಿ 14 ಸೆಂಟಿಮೀಟರ್ ಅಗಲ ಇದ್ದರೆ ಕೋನ 10 ಡಿಗ್ರಿ ಮುಟ್ಟುತ್ತದೆ. ಆಗ ಅಂಚಿನ ಕಿರಣ 3 ಮಿಲಿಮೀಟರ್ ಮುಂಚೆಯೇ ಅಕ್ಷ ದಾಟುತ್ತದೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಲೆಕ್ಕಕ್ಕೆ ಬರುವುದು ಕಿರಣ ಮತ್ತು ಆ ಜಾಗದ ಲಂಬದ ನಡುವಿನ ಕೋನ, ಕನ್ನಡಿಯ ಅಗಲ ಮಾತ್ರ ಅಲ್ಲ. ವಸ್ತುವನ್ನು ಸರಿಯಾಗಿ ವಕ್ರತಾ ಕೇಂದ್ರದಲ್ಲೇ ಇಟ್ಟರೆ ಎಲ್ಲ ಕಿರಣಗಳೂ ಲಂಬವಾಗಿಯೇ ಬೀಳುತ್ತವೆ. ಆಗ ಕನ್ನಡಿ ಎಷ್ಟು ಅಗಲ ಇದ್ದರೂ ತಪ್ಪು ಸೊನ್ನೆ.

ಮಸೂರದ ಕಥೆ ಇನ್ನೂ ಸ್ವಾರಸ್ಯವಾಗಿದೆ. 1660ರ ದಶಕದಲ್ಲಿ ಕ್ರಿಸ್ಟಿಯಾನ್ ಹೈಗನ್ಸ್ ಈ ತಪ್ಪನ್ನು ಕೂತು ಲೆಕ್ಕ ಹಾಕಿದರು. ಸಮಾಂತರ ಕಿರಣಗಳಿಗೆ, ಅಂಚಿನ ಕಿರಣ ಮತ್ತು ನಡುವಿನ ಕಿರಣ ಸೇರುವ ಜಾಗಗಳ ಅಂತರವನ್ನು ಅವರು ಮಸೂರದ ದಪ್ಪದಲ್ಲೇ ಅಳೆದರು. ಚಪ್ಪಟೆ ಮುಖ ಬೆಳಕಿನ ಕಡೆ ಇದ್ದರೆ ಅಂತರ ದಪ್ಪದ ನಾಲ್ಕೂವರೆ ಪಟ್ಟು. ಅದೇ ಮಸೂರವನ್ನು ತಿರುಗಿಸಿ ಉಬ್ಬು ಮುಖವನ್ನು ಬೆಳಕಿನ ಕಡೆ ಇಟ್ಟರೆ, ದಪ್ಪದ ಆರರಲ್ಲಿ ಏಳು ಪಟ್ಟು ಮಾತ್ರ, ಅಂದರೆ 1.17 ಪಟ್ಟು. ಅದೇ ಗಾಜು, ಅದೇ ಸಂಗಮದೂರ. ಸುಮ್ನೆ ತಿರುಗಿಸಿದ್ದಕ್ಕೆ ತಪ್ಪು ಕಾಲು ಭಾಗದ ಆಸುಪಾಸಿಗೆ ಇಳಿಯಿತು! ಶಾಲೆಯ ಸೂತ್ರಕ್ಕೆ ಈ ಎರಡು ಜೋಡಣೆಗಳ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಸಂಖ್ಯೆ ಹಾಕಿ ನೋಡೋಣ. ತ್ರಿಜ್ಯ 100 ಮಿಲಿಮೀಟರ್, ಸೂಚ್ಯಂಕ 1.5, ಅಗಲ 50 ಮಿಲಿಮೀಟರ್. ಸೂತ್ರದ ಪ್ರಕಾರ ಸಂಗಮದೂರ 200. ಅಂಚಿನ ಕಿರಣದ ಎತ್ತರ 25.

ಮೊದಲು ಚಪ್ಪಟೆ ಮುಖ ಬೆಳಕಿನ ಕಡೆ ಇರಲಿ. ಕಿರಣ ಚಪ್ಪಟೆ ಮುಖವನ್ನು ನೇರವಾಗಿ ದಾಟುತ್ತದೆ, ಅಲ್ಲಿ ಬಾಗುವುದೇ ಇಲ್ಲ. ಉಬ್ಬು ಮುಖಕ್ಕೆ 14.5 ಡಿಗ್ರಿಯಲ್ಲಿ ಬಡಿದು 22 ಡಿಗ್ರಿಯಲ್ಲಿ ಹೊರಬರುತ್ತದೆ. ಸೈನ್ ನಿಯಮವನ್ನು ಪೂರ್ತಿಯಾಗಿ ಹಾಕಿದರೆ ಅದು ಅಕ್ಷ ದಾಟುವುದು 185.5 ಮಿಲಿಮೀಟರ್‌ನಲ್ಲಿ. 14.5 ಮಿಲಿಮೀಟರ್ ಕಡಿಮೆ, ಅಂದರೆ 7% ಮೀರಿದ ತಪ್ಪು.

ಈಗ ತಿರುಗಿಸಿ. ಉಬ್ಬು ಮುಖದಲ್ಲಿ ಕಿರಣ 14.5 ಡಿಗ್ರಿಯಲ್ಲಿ ಬಿದ್ದು ಸ್ವಲ್ಪ ಬಾಗುತ್ತದೆ. ಉಳಿದಷ್ಟು ಬಾಗುವುದು ಚಪ್ಪಟೆ ಮುಖದಲ್ಲಿ, ಅಲ್ಲಿ 7.3 ಡಿಗ್ರಿಯಲ್ಲಿ ಹೊರಡುತ್ತದೆ. ತಪ್ಪು 3.7 ಮಿಲಿಮೀಟರ್, 2%ಗಿಂತ ಕಡಿಮೆ. ಸೈನ್ ಅಂದಾಜಿನಲ್ಲಿ ನಾವು ಬಿಟ್ಟುಬಿಡುವ ಮುಂದಿನ ಪದ θ³/6. ಅದು ಕೋನದ ಘನದಂತೆ ಏರುತ್ತದೆ. ಬಾಗುವ ಕೆಲಸವನ್ನೆಲ್ಲ ಒಂದೇ ಮುಖದ ಮೇಲೆ ಹೇರಿದರೆ ಅಲ್ಲಿ ಕೋನ ದೊಡ್ಡದಾಗಿ ಘನ ಹಿಗ್ಗುತ್ತದೆ. ಎರಡು ಮುಖಕ್ಕೂ ಹಂಚಿದರೆ ಎರಡು ಸಣ್ಣ ಘನಗಳಾಗುತ್ತವೆ, ಒಟ್ಟು ಕಡಿಮೆಯಾಗುತ್ತದೆ.

ಹೈಗನ್ಸ್ ಈ ದಾರಿಯಲ್ಲಿ ಮುಂದೆ ಹೋಗಿ, ಎರಡು ಮಸೂರಗಳ ತಪ್ಪನ್ನು ಒಂದಕ್ಕೊಂದು ಹೊಡೆದುಹಾಕುವ ಯೋಜನೆ ಮಾಡಿದರು. ಆದರೆ ಬಣ್ಣಗಳ ಬಗ್ಗೆ ನ್ಯೂಟನ್ 1672ರಲ್ಲಿ ತೋರಿಸಿದ ವಿಷಯದಿಂದ ದೂರದರ್ಶಕದ ದೊಡ್ಡ ತೊಂದರೆ ಬೇರೆ ಎಂದು ಗೊತ್ತಾಯಿತು. ಗಾಜು ಪ್ರತಿ ಬಣ್ಣವನ್ನೂ ಬೇರೆ ಬೇರೆ ದೂರದಲ್ಲಿ ಸೇರಿಸುತ್ತದೆ. ಹೈಗನ್ಸ್ ಅವರ ಲೆಕ್ಕ ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1703ರಲ್ಲಿ.

1841ರಲ್ಲಿ ಗೌಸ್ ಅಕ್ಷದ ಹತ್ತಿರದ ಕಿರಣಗಳ ಲೆಕ್ಕಕ್ಕೆ ಗಟ್ಟಿ ರೂಪ ಕೊಟ್ಟರು. 1856ರ ಹೊತ್ತಿಗೆ ಲುಡ್ವಿಗ್ ಸೈಡೆಲ್ θ³/6 ಪದವನ್ನೂ ಇಟ್ಟುಕೊಂಡು ಲೆಕ್ಕ ಮಾಡಿದರು. ಆಗ ಐದು ಬಗೆಯ ತಪ್ಪುಗಳು ಬೇರೆಬೇರೆಯಾಗಿ ಎದ್ದು ಕಂಡವು. ಇಲ್ಲಿ ನಾವು ನೋಡುತ್ತಿರುವುದು ಅವುಗಳಲ್ಲಿ ಒಂದು, ಗೋಳೀಯ ವಿಪಥನ. ಅದರ ಗುರುತು ಸರಳ. ಅಗಲ ಎರಡು ಪಟ್ಟಾದರೆ ದೂರದ ತಪ್ಪು ನಾಲ್ಕು ಪಟ್ಟು, ಪರದೆಯ ಮೇಲಿನ ಮಸುಕು ಚುಕ್ಕೆ ಎಂಟು ಪಟ್ಟು. ನಮ್ಮ ಮಸೂರದಲ್ಲಿ ಚಪ್ಪಟೆ ಮುಖ ಮುಂದಿದ್ದು ಪರದೆ 200ರಲ್ಲಿದ್ದರೆ ಚುಕ್ಕೆ ಸುಮಾರು 3.8 ಮಿಲಿಮೀಟರ್ ಅಗಲ. ಅರ್ಧ ಅಗಲದ ತೂತಿರುವ ರಟ್ಟು ಮುಚ್ಚಿದರೆ ಅದು ಅರ್ಧ ಮಿಲಿಮೀಟರ್‌ಗೆ ಇಳಿಯುತ್ತದೆ.

ತಪ್ಪನ್ನು ಕಣ್ಣಾರೆ ನೋಡುವುದೂ ಇದೇ ರಟ್ಟಿನಿಂದ. ಮೊದಲು ನಡುವೆ ತೂತಿರುವ ರಟ್ಟು ಇಟ್ಟು, ಬೆಳಕು ಚೆನ್ನಾಗಿ ಸೇರುವ ಜಾಗ ಗುರುತು ಮಾಡಿ. ಆಮೇಲೆ ಒಂದು ಬಿಲ್ಲೆಯಿಂದ ನಡುಭಾಗ ಮುಚ್ಚಿ, ಅಂಚಿನ ಉಂಗುರ ಮಾತ್ರ ಬಿಡಿ. ಪರದೆಯನ್ನು ಮಸೂರದ ಕಡೆ ಸರಿಸಬೇಕಾದರೆ ಅಂದಾಜು ಮುರಿದಿದೆ ಎಂದೇ ಅರ್ಥ. ಏನೂ ಮುಚ್ಚದೆ ಅಳೆದರೆ ಇನ್ನೊಂದು ಗೊಂದಲ ಆಗುತ್ತದೆ. ಚುಕ್ಕೆ ಅತಿ ಸಣ್ಣದಾಗುವ ಜಾಗ ನಡುವಿನ ಕಿರಣದ ಬಿಂದುವಿನಿಂದ ಅಂಚಿನ ಬಿಂದುವಿನ ಕಡೆಗೆ ಮುಕ್ಕಾಲು ದಾರಿಯಲ್ಲಿರುತ್ತದೆ. ಅಂದರೆ ನಮ್ಮ ಮಸೂರಕ್ಕೆ ಅಳತೆ ಸುಮಾರು 189 ಬರುತ್ತದೆ. ಅಳೆದವರ ಕೈ ತಪ್ಪಿಲ್ಲ, ಗಾಜೂ ಕೆಟ್ಟದ್ದಲ್ಲ. 200 ಎಂದು ಹೇಳಿದ ಸೂತ್ರಕ್ಕೆ ಆ ಅಂಚಿನ ಕಿರಣಗಳ ಬಗ್ಗೆ ಮಾತಾಡುವ ಅಧಿಕಾರವೇ ಇರಲಿಲ್ಲ.

ಈ ಲೆಕ್ಕ ಅತಿ ದೊಡ್ಡದಾಗಿ ಕಂಡಿದ್ದು ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಲ್ಲಿ. 1963ರಲ್ಲಿ ಶುರುವಾದ ಅದರ ಬಟ್ಟಲು ಗೋಳದ ತುಂಡಾಗಿತ್ತು. ಅಗಲ 305 ಮೀಟರ್, ತ್ರಿಜ್ಯ 265 ಮೀಟರ್. ಅಂಚಿನಲ್ಲಿ sin θ = 152.5/265. ಕೋನ 35 ಡಿಗ್ರಿ ದಾಟುತ್ತದೆ. ಸೈನ್ ಪಟ್ಟಿಯಲ್ಲಿ ತಪ್ಪು 6.5%. ಸಂಗಮದೂರದಲ್ಲಿ 22%. ನಡುವಿನ ಅಲೆಗಳು ತಳದಿಂದ 132.5 ಮೀಟರ್ ಎತ್ತರದಲ್ಲಿ ಸೇರಿದರೆ, ಅಂಚಿನವು 103 ಮೀಟರ್‌ನಲ್ಲಿ ಸೇರುತ್ತವೆ. ನಡುವೆ 29.5 ಮೀಟರ್ ಅಂತರ. ಇಲ್ಲಿ θ²/2 ಎಂಬ ತಿದ್ದುಪಡಿಯೂ ಸಾಲದು. ಅದು ಸುಮಾರು 25 ಮೀಟರ್ ಎನ್ನುತ್ತದೆ, ಉಳಿದ ನಾಲ್ಕೂವರೆ ಮೀಟರ್ ಅದರ ಕೈಗೆ ಸಿಗುವುದಿಲ್ಲ. ಪೂರ್ತಿ ಸೂತ್ರವೇ ಬೇಕು.

ಅಲ್ಲಿ ಅಲೆಗಳು ಬಿಂದುವಿನಲ್ಲಲ್ಲ, ಗೆರೆಯ ಉದ್ದಕ್ಕೂ ಸೇರುತ್ತಿದ್ದವು. ಆದ್ದರಿಂದ ಎಂಜಿನಿಯರ್‌ಗಳು ಸುಮಾರು 29 ಮೀಟರ್ ಉದ್ದದ ಕಂಬದಂಥ ಆಂಟೆನಾ ಮಾಡಿ ಕೆಳಮುಖವಾಗಿ ತೂಗುಹಾಕಿದರು. ಬಟ್ಟಲಿನ ಒಂದೊಂದು ಉಂಗುರದ ಅಲೆಯನ್ನೂ ಆ ಕಂಬದ ಒಂದೊಂದು ಮಟ್ಟ ಹಿಡಿಯುತ್ತಿತ್ತು. 1997ರ ನವೀಕರಣದಲ್ಲಿ ಅದರ ಜೊತೆಗೆ ಒಂದು ಗುಮ್ಮಟ ಬಂತು. ಅದರೊಳಗಿನ ಇನ್ನೆರಡು ಪ್ರತಿಫಲಕಗಳು ಆ ಗೆರೆಯನ್ನು ಮತ್ತೆ ಒಂದು ಬಿಂದುವಿಗೆ ತರುತ್ತಿದ್ದವು.

ಪ್ಯಾರಾಬೊಲಾ ಆಕಾರ ಮಾಡಿದ್ದರೆ ಇದೆಲ್ಲ ಬೇಕಿರಲಿಲ್ಲ, ನಿಜ. ಆದರೆ ಪ್ಯಾರಾಬೊಲಾ ತನ್ನ ಅಕ್ಷದ ದಿಕ್ಕಿನಿಂದ ಬರುವ ಅಲೆಗಳನ್ನು ಮಾತ್ರ ಸರಿಯಾಗಿ ಸೇರಿಸುತ್ತದೆ. ನೆಲಕ್ಕೆ ಕೂತ ಆ ಬಟ್ಟಲನ್ನು ಆಕಾಶದ ಕಡೆ ತಿರುಗಿಸಲು ಆಗುತ್ತಿರಲಿಲ್ಲ. ಗೋಳಕ್ಕೆ ಎಲ್ಲ ದಿಕ್ಕೂ ಒಂದೇ. ಮೇಲೆ ತೂಗುವ ಆಂಟೆನಾವನ್ನು ಸರಿಸಿದರೆ ಸಾಕಿತ್ತು, ಬೇರೆ ದಿಕ್ಕಿನ ನಕ್ಷತ್ರವೂ ಅದೇ ತಪ್ಪಿನೊಂದಿಗೆ, ಅಂಥದೇ ಗೆರೆಯ ಮೇಲೆ ಸೇರುತ್ತಿತ್ತು.