ಚಿಪ್ಪು ಕರಗುವುದಕ್ಕಿಂತ ಮೊದಲಿನ ಹಾನಿ: ಸಮುದ್ರ ಆಮ್ಲೀಕರಣದ ಟಿಪ್ಪಣಿ

ಅಘನಾಶಿನಿ ಅಳಿವೆಯಲ್ಲಿ ಹೆಕ್ಕಿದ ಬೆಳಚಿನ ಚಿಪ್ಪಿನ ಮೇಲೆ ಲಿಂಬೆರಸ ಹಿಂಡಿದರೆ ಗುಳ್ಳೆಗಳು ಏಳುತ್ತವೆ. ಇದನ್ನು ಕಂಡವರಿಗೆ ಕಡಲೂ ಹೀಗೆಯೇ ಹುಳಿಯಾಗಿ ಚಿಪ್ಪನ್ನು ತಿನ್ನುತ್ತಿದೆ ಎನ್ನಿಸುವುದು ಸಹಜ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಕಡಲಿನ ಮೇಲ್ನೀರಿನ ಪಿಎಚ್ ಕೈಗಾರಿಕಾ ಯುಗದ ಮೊದಲು ಸುಮಾರು 8.2 ಇದ್ದದ್ದು ಈಗ ಸುಮಾರು 8.1ಕ್ಕೆ ಇಳಿದಿದೆ, ಅಂದರೆ ನೀರು ಇಂದಿಗೂ ಕ್ಷಾರೀಯವೇ. ಪಿಎಚ್ ಲಾಗರಿತಮ್ ಅಳತೆಯಾದ್ದರಿಂದ, 0.1ರಷ್ಟು ಇಳಿದರೂ ಹೈಡ್ರೋಜನ್ ಅಯಾನುಗಳು ಸುಮಾರು ಶೇ 26ರಷ್ಟು ಹೆಚ್ಚುತ್ತವೆ.

ನಿಜವಾದ ಹಾನಿ ಈ ಕ್ರಿಯೆಯಲ್ಲಿದೆ:

```
CO₂ + H₂O + CO₃²⁻ → 2HCO₃⁻
```

ವಾತಾವರಣದಿಂದ ಬಂದು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್, ಅಲ್ಲಿ ಮೊದಲೇ ಇರುವ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಕಡಲಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಕೊರತೆಯಾಗುವುದು ಕಾರ್ಬೊನೇಟಿಗೆ. ಅದು ಕಡಿಮೆಯಾದಷ್ಟೂ ಅಷ್ಟೇ ಚಿಪ್ಪು ಕಟ್ಟಲು ಪ್ರಾಣಿ ಹೆಚ್ಚು ಶಕ್ತಿ ವ್ಯಯಿಸಬೇಕು.

ಈ ವೆಚ್ಚ ಭರಿಸಲಾಗದ್ದು ಮರಿಗಳಿಗೆ. ಅಮೆರಿಕದ ಒರೆಗಾನ್ ಕರಾವಳಿಯ ಸಿಂಪಿ ಮರಿಗಳನ್ನು ಬೆಳೆಸುವ ಒಂದು ಹ್ಯಾಚರಿಯಲ್ಲಿ 2007ರ ಸುಮಾರಿಗೆ ಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ರೋಗಾಣುವಿನ ಮೇಲೆ ಸಂಶಯ ಬಂತು. ಆಮೇಲೆ ತಿಳಿದದ್ದೇನೆಂದರೆ, ಬೇಸಿಗೆಯ ಗಾಳಿಗೆ ಆಳದ ತಣ್ಣೀರು ಮೇಲೇರಿದಾಗ, ಕೊಳೆತ ಜೀವಕಣಗಳಿಂದ ಮೊದಲೇ ಇಂಗಾಲದ ಡೈಆಕ್ಸೈಡ್ ತುಂಬಿದ್ದ ಆ ನೀರಿಗೆ ವಾತಾವರಣದಿಂದ ಸೇರಿದ ಪಾಲೂ ಕೂಡಿ, ಕಾರ್ಬೊನೇಟ್ ತೀರಾ ಕುಸಿಯುತ್ತಿತ್ತು. ಸಿಂಪಿಯ ಮರಿ ಮೊದಲ ಚಿಪ್ಪನ್ನು ಹುಟ್ಟಿದ ಸುಮಾರು ಎರಡು ದಿನಗಳೊಳಗೆ, ಇನ್ನೂ ಸರಿಯಾಗಿ ಆಹಾರ ತಿನ್ನಲಾರದೆ, ಮೊಟ್ಟೆಯಿಂದ ಬಂದ ಶಕ್ತಿಯಲ್ಲೇ ಕಟ್ಟಿಕೊಳ್ಳಬೇಕು. ಆ ಶಕ್ತಿ ಮುಗಿದುಹೋದರೆ ಚಿಪ್ಪು ಕರಗದಿದ್ದರೂ ಮರಿ ಸಾಯುತ್ತದೆ. ಪಾಚಿಗಳ ದ್ಯುತಿಸಂಶ್ಲೇಷಣೆಯಿಂದ ಇಂಗಾಲದ ಡೈಆಕ್ಸೈಡ್ ತಗ್ಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ನೀರೆತ್ತಿ, ಅದಕ್ಕೆ ಸೋಡಿಯಂ ಕಾರ್ಬೊನೇಟ್ ಬೆರೆಸಿದ ಮೇಲೆ ಹ್ಯಾಚರಿ ಚೇತರಿಸಿಕೊಂಡಿತು. ತೊಟ್ಟಿಯಲ್ಲಿ ಸಾಧ್ಯವಾದ ಈ ಉಪಾಯ ತೆರೆದ ಕಡಲಿಗೆ ಆಗದು.

ನೇತ್ರಾಣಿ ದ್ವೀಪದ ಸುತ್ತ ಇರುವಂಥ ಹವಳಗಳ ಅಸ್ಥಿಯೂ ಅರಗೊನೈಟ್ ಎಂಬ, ಸುಲಭವಾಗಿ ಕರಗುವ ರೂಪದ ಕ್ಯಾಲ್ಸಿಯಂ ಕಾರ್ಬೊನೇಟೇ. ಹವಳ ಬಿಳುಚುವುದು ಮುಖ್ಯವಾಗಿ ನೀರಿನ ತಾಪದಿಂದ. ಆಮ್ಲೀಕರಣದ ಕೆಲಸ ಬೇರೆ. ಅದು ಬೆಳವಣಿಗೆಯನ್ನು ನಿಧಾನಿಸುತ್ತದೆ, ಆಗ ಕೊರೆಯುವ ಸ್ಪಂಜುಗಳೂ ಅಲೆಗಳೂ ಸವೆಸಿದ್ದನ್ನು ಹವಳ ತುಂಬಿಕೊಳ್ಳಲಾರದು.

ನಮ್ಮ ಅಳಿವೆಗಳಲ್ಲಿ ಒಂದು ಎಚ್ಚರ ಅಗತ್ಯ. ಮಳೆಗಾಲದಲ್ಲಿ ಕಾಳಿಯ ಅಥವಾ ಅಘನಾಶಿನಿಯ ಸಿಹಿನೀರು ನುಗ್ಗಿದಾಗಲೂ ಪಿಎಚ್ ಇಳಿಯುತ್ತದೆ, ರಾತ್ರಿ ಹಗಲಿಗೂ ಬದಲಾಗುತ್ತದೆ. ತೆರೆದ ಕಡಲಿನ ಇಳಿಕೆಯಾದರೋ ವರ್ಷಕ್ಕೆ ಸುಮಾರು 0.002 ಮಾತ್ರ. ಆದ್ದರಿಂದ ಆಷಾಢದ ಒಂದು ಅಳತೆಯನ್ನು ಹಿಡಿದು ತೀರ್ಮಾನಿಸಬಾರದು. ಪಿಎಚ್ ಜೊತೆಗೆ ಲವಣಾಂಶ, ತಾಪಮಾನ, ಕ್ಷಾರತೆಗಳನ್ನೂ ಒಂದೇ ಜಾಗದಲ್ಲಿ ವರ್ಷಗಟ್ಟಲೆ ದಾಖಲಿಸಿದರೆ ಮಾತ್ರ ಅಳಿವೆಯ ಏರಿಳಿತವನ್ನೂ ಕಡಲಿನ ಇಳಿಕೆಯನ್ನೂ ಬೇರ್ಪಡಿಸಬಹುದು.