ಮೂರನೇ ರೌಂಡಿಗೆ ಮೊದಲು ಬರೆಯಬೇಕಾದ ಪತ್ರ

ಮಂಗಳವಾರ ಸಂಜೆ ಅಕ್ಕನ ಮಗ ಬೆಳಗಾವಿ ಟಿಳಕವಾಡಿಯ ನಮ್ಮ ಮನೆಗೆ ಬಂದ. ಹೊನಗಾದ ಒಂದು ಯೂನಿಟ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ಎರಡು ತಿಂಗಳಿಂದ ಬೇರೆ ಕೆಲಸ ಹುಡುಕುತ್ತಿದ್ದ. ಬೂಟು ಬಿಚ್ಚುತ್ತಲೇ ಶುರು ಮಾಡಿದ.

"ಮಾಮಾ, ಹುಬ್ಬಳ್ಳಿ ಕಂಪನಿ ಆಫರ್ ಬಂತು. ಸಹಿ ಮಾಡಿ ಕಳಸೇನಿ. ಶುಕ್ರವಾರ ಇಲ್ಲಿ ಇನ್ನೊಂದು ಕಡೆ ಲಾಸ್ಟ್ ರೌಂಡ್ ಐತಿ. ಫೋನ್ ಬಂದ್ರ ಎತ್ತೋದು ಬ್ಯಾಡ ಅಂತ ಮಾಡೇನಿ. ನಡೀತದಲ್ಲಾ?"

"ನಡಿಯೂದಿಲ್ಲಪ್ಪಾ. ಲ್ಯಾಪ್‌ಟಾಪ್ ತಗಿ," ಅಂದೆ.

ನಾನು ಉದ್ಯಮಬಾಗದಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ. ಅರ್ಜಿ ಹಿಂದೆ ಪಡೆಯುವ ಪತ್ರ ಬಾರದೇ ಹೋದಾಗ ಏನಾಗುತ್ತದೆ ಅಂತ ಮೇಜಿನ ಈ ಕಡೆ ಕೂತು ನೋಡಿದ್ದೇನೆ. ಮೊದಲ ರೌಂಡಿಗೆ ಒಬ್ಬರು ಬರದಿದ್ದರೆ ನಮಗೆ ಜಾಸ್ತಿ ತೊಂದರೆ ಇಲ್ಲ, ಸಾಲಿನಲ್ಲಿ ಹತ್ತು ಜನ ಇರುತ್ತಾರೆ. ಕೊನೆಯ ರೌಂಡು ಹಾಗಲ್ಲ. ಅಷ್ಟೊತ್ತಿಗೆ ಇಬ್ಬರೋ ಮೂವರೋ ಉಳಿದಿರುತ್ತಾರೆ. ಪ್ಲಾಂಟ್ ಹೆಡ್ ಅದಕ್ಕಾಗಿಯೇ ಒಂದು ಗಂಟೆ ಬಿಡುವು ಮಾಡಿಕೊಂಡಿರುತ್ತಾರೆ. ಎರಡನೇ ಸ್ಥಾನದಲ್ಲಿರುವವರಿಗೆ ನಾವು ಹೌದು ಅಂತಲೂ ಹೇಳಿರುವುದಿಲ್ಲ, ಇಲ್ಲ ಅಂತಲೂ ಹೇಳಿರುವುದಿಲ್ಲ. ಅವರು ಎಲ್ಲೋ ನಿಪ್ಪಾಣಿಯಲ್ಲೋ ಗೋಕಾಕದಲ್ಲೋ ಫೋನು ನೋಡುತ್ತಾ ಕೂತಿರುತ್ತಾರೆ. ನೀವು ಮಂಗಳವಾರವೇ ಹೇಳಿದರೆ ಅವರಿಗೆ ಬುಧವಾರ ಕರೆ ಹೋಗುತ್ತದೆ, ತಯಾರಾಗಲು ಎರಡು ದಿನ ಸಿಗುತ್ತದೆ. ನೀವು ಶುಕ್ರವಾರ ಸುಮ್ನೆ ಫೋನ್ ಆಫ್ ಮಾಡಿದರೆ ಅವರ ಕಾಯುವಿಕೆ ಇನ್ನೊಂದು ವಾರ ಮುಂದೆ ಹೋಗುತ್ತದೆ. ನನಗೆ ಕಂಪನಿಯ ಒಂದು ಗಂಟೆಗಿಂತ ಆ ಹುಡುಗನ ಒಂದು ವಾರವೇ ದೊಡ್ಡದಾಗಿ ಕಾಣುತ್ತದೆ.

ಪತ್ರ ಬರೆಯುವ ಮೊದಲು ಒಂದು ಮಾತು ಕೇಳಿದೆ. ಹುಬ್ಬಳ್ಳಿಯವರಿಂದ ಬಂದದ್ದು ಫೋನ್ ಕರೆಯೋ, ಪತ್ರವೋ? ಇದನ್ನು ಬಹಳ ಜನ ಗಡಿಬಿಡಿಯಲ್ಲಿ ಮರೆಯುತ್ತಾರೆ. "ನಿಮ್ಮನ್ನು ಸೆಲೆಕ್ಟ್ ಮಾಡಿದ್ದೇವೆ, ಲೆಟರ್ ಬರುತ್ತದೆ" ಅಂತ ಫೋನಿನಲ್ಲಿ ಹೇಳಿದ್ದು ಆಫರ್ ಅಲ್ಲ. ಒಳಗಿನ ಮಂಜೂರಾತಿ ಒಂದು ಸಹಿಗೆ ನಿಂತು ಆ ಲೆಟರ್ ಬಾರದೇ ಹೋಗಿದ್ದನ್ನೂ ನಾನು ನೋಡಿದ್ದೇನೆ. ಅಂಥ ಕರೆಯನ್ನು ನಂಬಿ ಇನ್ನೊಂದು ಕಡೆಯ ಕೊನೆಯ ರೌಂಡು ಬಿಟ್ಟರೆ ಎರಡೂ ಕೈ ತಪ್ಪುತ್ತವೆ.

ಅವನ ಹತ್ತಿರ ಪತ್ರ ಇತ್ತು. ಇಬ್ಬರೂ ಕೂತು ಓದಿದೆವು. ಹುದ್ದೆ, ಜಾಗ, ಸಿಟಿಸಿ, ಸೇರುವ ದಿನ, ಕಂಪನಿ ಪರವಾಗಿ ಸಹಿ ಮಾಡಿದವರ ಹೆಸರು, ಎಲ್ಲ ಇದ್ದವು. ಕೆಳಗೆ ಎರಡು ಷರತ್ತು: ಹಿಂದಿನ ಕೆಲಸದ ದಾಖಲೆ ಪರಿಶೀಲನೆ, ಮೆಡಿಕಲ್ ಪರೀಕ್ಷೆ. ಇವು ಸಾಮಾನ್ಯ ಷರತ್ತುಗಳೇ, ಅವನ ದಾಖಲೆಗಳಲ್ಲಿ ಅಡ್ಡಿ ಬರುವಂಥದ್ದೇನೂ ಇರಲಿಲ್ಲ. ಸಹಿ ಮಾಡಿ ಕಳಿಸಿದ ಪ್ರತಿ ತಲುಪಿದೆ ಅಂತ ಅವರ ಉತ್ತರವೂ ಬಂದಿತ್ತು. ಹಾಗಾದರೆ ಇಲ್ಲಿಯ ಅರ್ಜಿ ಹಿಂದೆ ಪಡೆಯಲು ಸರಿಯಾದ ಹೊತ್ತು ಇದೇ.

ಸಹಿ ಮಾಡುವ ಮೊದಲೇ ಬಂದಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಬೆಳಗಾವಿಯ ಕೆಲಸವೇ ಮನಸ್ಸಿನಲ್ಲಿದ್ದರೆ, "ನನಗೊಂದು ಆಫರ್ ಬಂದಿದೆ, ಇಂಥ ದಿನದೊಳಗೆ ಉತ್ತರ ಕೊಡಬೇಕು, ಕೊನೆಯ ರೌಂಡನ್ನು ಎರಡು ದಿನ ಮುಂಚೆ ಇಡಲು ಆಗುತ್ತದೆಯೇ?" ಅಂತ ಕೇಳಬಹುದಿತ್ತು. ಹೀಗೆ ಕೇಳಿದವರಿಗೆ ನಾನೇ ದಿನ ಬದಲಿಸಿ ಕೊಟ್ಟಿದ್ದೇನೆ. ಆದರೆ ಇವನಿಗೆ ಹುಬ್ಬಳ್ಳಿಯೇ ಬೇಕಾಗಿತ್ತು. ಸಹಿ ಹಾಕಿದ ಮೇಲೂ "ಹೋಗಿ ನೋಡೋಣ, ಜಾಸ್ತಿ ಕೊಡಬಹುದು" ಅಂತ ಸಲಹೆ ಕೊಡುವವರು ಇರುತ್ತಾರೆ. ನಾನು ಕೊಡುವುದಿಲ್ಲ. ತೆಗೆದುಕೊಳ್ಳದ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟರೆ ನಿಪ್ಪಾಣಿಯ ಆ ಹುಡುಗನ ಜಾಗದಲ್ಲಿ ಕೂತಂತೆ.

ಅವನು ಮೊದಲು ಟೈಪ್ ಮಾಡಿದ್ದು ಇಷ್ಟು: "ಅನಿವಾರ್ಯ ಕಾರಣಗಳಿಂದ ಶುಕ್ರವಾರದ ಇಂಟರ್‌ವ್ಯೂಗೆ ಬರಲು ಆಗುತ್ತಿಲ್ಲ. ದಯವಿಟ್ಟು ಕ್ಷಮಿಸಿ."

ಓದಲು ಮರ್ಯಾದೆಯಾಗಿಯೇ ಇದೆ, ಅಲ್ವಾ? ಆದರೆ ಇದನ್ನು ಓದಿದ ಎಚ್‌ಆರ್‌ಗೆ ಅರ್ಥವಾಗುವುದೇ ಬೇರೆ. ಹುಡುಗನಿಗೆ ಶುಕ್ರವಾರ ಆಗುವುದಿಲ್ಲ, ಬೇರೆ ದಿನ ಬೇಕು. ನಾನಾಗಿದ್ದರೆ ಕೂಡಲೇ "ಸೋಮವಾರ 11ಕ್ಕೆ ಬರುತ್ತೀರಾ?" ಅಂತ ಉತ್ತರ ಬರೆಯುತ್ತಿದ್ದೆ. ಆಗ ಅವನು ಮತ್ತೆ ಮುಜುಗರದಿಂದ ಇನ್ನೊಂದು ಮೇಲ್ ಬರೆಯಬೇಕು, ಅಥವಾ ಮತ್ತೆ ಫೋನ್ ಎತ್ತದೇ ಇರಬೇಕು. ಈ ಪತ್ರದಲ್ಲಿ ಹೆಚ್ಚಾಗಿ ಆಗುವ ತಪ್ಪು ಇದೇ. "ಬರಲು ಆಗುತ್ತಿಲ್ಲ", "ಸದ್ಯಕ್ಕೆ ಸಾಧ್ಯವಿಲ್ಲ", "ಇನ್ನೂ ಯೋಚಿಸುತ್ತಿದ್ದೇನೆ" ಅನ್ನುವ ಮಾತುಗಳು ಬಾಗಿಲನ್ನು ಅರ್ಧ ತೆರೆದಿಡುತ್ತವೆ. "ಅರ್ಜಿ ಹಿಂದೆ ಪಡೆಯುತ್ತಿದ್ದೇನೆ" ಅಂತ ಬರೆದಾಗ ಮಾತ್ರ ವಿಷಯ ಮುಗಿಯುತ್ತದೆ.

ಎರಡನೇ ಸಲ ಬರೆದದ್ದು ಒಂದು ಪುಟ ಆಯಿತು. ಹುಬ್ಬಳ್ಳಿ ಕಂಪನಿಯ ಹೆಸರು, ಅವರು ಕೊಡುವ ಸಂಬಳ, ಅಥಣಿಯಲ್ಲಿರುವ ತಾಯಿಯ ಮೊಣಕಾಲು ನೋವು, ನಾಲ್ಕು ಕಡೆ ಕ್ಷಮೆ. ಸಂಬಳದ ಅಂಕಿ ತೆಗೆಸಿದೆ, ಯಾಕೆಂದರೆ ಅದನ್ನು ನೋಡಿದವರಿಗೆ ಚೌಕಾಶಿಗೆ ಬಂದಿದ್ದಾನೆ ಅನ್ನಿಸುತ್ತದೆ. ಕಂಪನಿ ಹೆಸರು ಹೇಳಲೇಬೇಕು ಅಂತ ಇಲ್ಲ. ಇನ್ನು ತಾಯಿಯ ಮೊಣಕಾಲು. ನೋವು ನಿಜ, ಆದರೆ ಅರ್ಜಿ ಹಿಂದೆ ಪಡೆಯುತ್ತಿರುವ ಕಾರಣ ಅದಲ್ಲ. ಮನೆಯವರ ಆರೋಗ್ಯವನ್ನು ನೆಪ ಮಾಡಿದವರು ತಿಂಗಳೊಳಗೆ ಲಿಂಕ್ಡ್‌ಇನ್‌ನಲ್ಲಿ ಹೊಸ ಕೆಲಸದ ಫೋಟೋ ಹಾಕುತ್ತಾರೆ. ನಾವೂ ಅದನ್ನು ನೋಡುತ್ತೇವೆ. ನಿಜವಾದ ಕಾರಣದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅದಕ್ಕೆ ಒಂದು ಸಾಲು ಸಾಕು.

ಮೇಲ್ ಕೊನೆಗೆ ಇಂಗ್ಲಿಷಿನಲ್ಲೇ ಹೋಯಿತು. ಆದರೆ ಮೊದಲು ಕನ್ನಡದಲ್ಲಿ ಬರೆಸಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಕೈಗೆ ಬರುವುದು ಯಾರದೋ ಸಿದ್ಧ ಸಾಲುಗಳೇ. ಕನ್ನಡದಲ್ಲಿ ಹೀಗಿತ್ತು:

"ನಮಸ್ಕಾರ ಮೇಡಂ,

ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಹಾಕಿದ ನನ್ನ ಅರ್ಜಿಯನ್ನು ಹಿಂದೆ ಪಡೆಯುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ 11ಕ್ಕೆ ಇಟ್ಟಿರುವ ಕೊನೆಯ ರೌಂಡನ್ನು ದಯವಿಟ್ಟು ರದ್ದು ಮಾಡಿ. ಬೇರೆ ಒಂದು ಕಂಪನಿಯ ಆಫರ್ ಅನ್ನು ಇವತ್ತು ಒಪ್ಪಿಕೊಂಡಿದ್ದೇನೆ.

ಎರಡನೇ ರೌಂಡಿನಲ್ಲಿ ಕ್ವಾಲಿಟಿ ಮ್ಯಾನೇಜರ್ ಸರ್ ನನ್ನನ್ನು ಲೈನ್ ಮೇಲೆ ಕರೆದುಕೊಂಡು ಹೋಗಿ, ರಿಜೆಕ್ಟ್ ಆದ ಪಾರ್ಟ್ ತೋರಿಸಿ ಮಾತಾಡಿದರು. ಅದರಿಂದ ಕಲಿತೆ. ಅವರಿಗೆ ನನ್ನ ಧನ್ಯವಾದ ತಿಳಿಸಿ.

ತಯಾರಿಗೆ ಅಂತ ನೀವು ಕಳಿಸಿದ ಡ್ರಾಯಿಂಗ್ ಅನ್ನು ನನ್ನ ಲ್ಯಾಪ್‌ಟಾಪ್ ಮತ್ತು ಫೋನಿನಿಂದ ಅಳಿಸಿದ್ದೇನೆ. ಯಾರಿಗೂ ಕಳಿಸಿಲ್ಲ.

ನಿಮ್ಮ ಸಮಯ ತೆಗೆದುಕೊಂಡು ಈ ಹಂತದಲ್ಲಿ ಹಿಂದೆ ಸರಿಯುತ್ತಿರುವುದಕ್ಕೆ ಕ್ಷಮೆ ಇರಲಿ."

ಇಷ್ಟೇ. ಡ್ರಾಯಿಂಗ್ ಸಾಲು ನಾನೇ ಸೇರಿಸಿದ್ದು. ಕೊನೆಯ ರೌಂಡಿಗೆ ಒಂದು ಪಾರ್ಟಿನ ತಪಾಸಣೆ ಹೇಗೆ ಅಂತ ಹೇಳುವ ಕಂಟ್ರೋಲ್ ಪ್ಲಾನ್ ಮಾಡಿಕೊಂಡು ಬಾ ಅಂತ ಅವರು ಪಿಡಿಎಫ್ ಕಳಿಸಿದ್ದರು. ಇಂಥ ಡ್ರಾಯಿಂಗ್ ಎಷ್ಟೋ ಸಲ ಕಂಪನಿಯದಲ್ಲ, ಅವರ ಗ್ರಾಹಕರದು. ಹುಡುಗ ಇನ್ನೊಂದು ಕಂಪನಿಗೆ ಹೋಗುತ್ತಿದ್ದಾನೆ ಅಂದ ಕೂಡಲೇ ಎಚ್‌ಆರ್‌ಗೆ ಮೊದಲು ಹೆದರಿಕೆಯಾಗುವುದು ಅದರ ಬಗ್ಗೆಯೇ. ಅವರು ಕೇಳುವ ಮೊದಲೇ ಹೇಳಿದರೆ ಒಳ್ಳೆಯದು. ಬರೆಯುವ ಮೊದಲು ನಿಜವಾಗಿಯೂ ಅಳಿಸಬೇಕು. ವಾಟ್ಸಾಪ್‌ನಲ್ಲಿ ಉಳಿದಿದ್ದ ಒಂದು ಪ್ರತಿಯನ್ನು ನನ್ನ ಎದುರಿಗೇ ತೆಗೆಸಿದೆ.

ಧನ್ಯವಾದದ ಸಾಲಿನಲ್ಲಿ "ಅವಕಾಶಕ್ಕಾಗಿ ಧನ್ಯವಾದ" ಅಂತ ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ಆ ಮ್ಯಾನೇಜರ್ ಅವನಿಗೆ ಮುಕ್ಕಾಲು ಗಂಟೆ ಕೊಟ್ಟಿದ್ದರು. ಏನು ಮಾಡಿದರು ಅಂತ ಹೆಸರಿಸಿ ಹೇಳಿದರೆ ಎಚ್‌ಆರ್ ಆ ಮೇಲ್ ಅನ್ನು ಅವರಿಗೆ ಕಳಿಸುತ್ತಾರೆ. "ಮುಂದೆ ಎಂದಾದರೂ ಆಫರ್ ರದ್ದಾದರೆ ಸಂಪರ್ಕಿಸುತ್ತೇನೆ" ಅಂತ ಒಂದು ಸಾಲು ಬೇಕು ಅಂದ. ಅವನಿಗೆ ಇನ್ನೂ 60 ದಿನ ನೋಟಿಸ್ ಅವಧಿ ಇದೆ, ಭಯ ಸಹಜ. ಆದರೂ ಬೇಡ ಅಂದೆ. ಹಾಗೆ ಬರೆದರೆ ಅವರನ್ನು ಸ್ಟೆಪ್ನಿ ಟೈರ್ ಮಾಡಿದಂತೆ. ಪತ್ರದಲ್ಲಿ ಕಂಪನಿ ಬೇಡ ಅಂತ ಎಲ್ಲಿಯೂ ಬರೆದಿಲ್ಲ. ಈ ಅರ್ಜಿ ಹಿಂದಕ್ಕೆ ಅಂತಷ್ಟೇ ಇದೆ. ನಾಳೆ ಅಗತ್ಯ ಬಿದ್ದರೆ ಹೊಸ ಅರ್ಜಿ ಹಾಕಲು ಅಷ್ಟು ಸಾಕು.

ಹೊಸ ಮೇಲ್ ತೆರೆಯಲು ಹೊರಟಿದ್ದ. ಬೇಡ, ಇಂಟರ್‌ವ್ಯೂ ದಿನ ತಿಳಿಸಿದ ಮೇಲ್‌ಗೇ ಉತ್ತರ ಕೊಡು, ಸಬ್ಜೆಕ್ಟ್ ಸಾಲು ಮುಟ್ಟಬೇಡ ಅಂದೆ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಿಸಿದರೆ ಮೇಲ್ ಬೇರೆ ಸಾಲಿನಲ್ಲಿ ಕೂರುತ್ತದೆ, ಹಳೆಯ ಮಾತುಕತೆಯ ಜೊತೆ ಸೇರುವುದಿಲ್ಲ. ಹಾಗಾಗಿಯೇ ಮುಖ್ಯ ಮಾತು ಮೊದಲ ಸಾಲಿನಲ್ಲೇ ಬರಬೇಕು. ಎಚ್‌ಆರ್ ಫೋನಿನ ಪರದೆ ಮೇಲೆ ಮೊದಲು ಕಾಣುವುದು ಅದೇ. ಹಿಂದಿನ ಮೇಲ್‌ಗಳಲ್ಲಿ ಪ್ರತಿ ಪಡೆದವರಿಗೂ ಇದು ಹೋಗಲಿ ಅಂತ ಎಲ್ಲರಿಗೂ ಉತ್ತರ ಕೊಡಿಸಿದೆ. ಕಂಪನಿಯ ಪೋರ್ಟಲ್‌ನಲ್ಲಿ `Withdraw` ಗುಂಡಿ ಇತ್ತು, ಅದನ್ನು ಮೇಲ್ ಆದಮೇಲೆ ಒತ್ತಿದ. ಬರೀ ಗುಂಡಿ ಒತ್ತಿ ಸುಮ್ಮನಾದರೆ ಪ್ಲಾಂಟ್ ಹೆಡ್‌ಗೆ ಅದು ಗೊತ್ತೇ ಆಗದಿರಬಹುದು.

ನಡುವೆ ಕೆಲಸ ಕೊಡಿಸುವ ಒಬ್ಬ ಕನ್ಸಲ್ಟಂಟ್ ಇದ್ದ. ಅವನಿಗೆ ಫೋನ್ ಮಾಡಿಸಿದೆ. ಕನ್ಸಲ್ಟಂಟರಿಗೆ ಸಾಮಾನ್ಯವಾಗಿ ಹಣ ಬರುವುದು ಹುಡುಗ ಸೇರಿದ ಮೇಲೆಯೇ. ನಿರೀಕ್ಷಿಸಿದಂತೆ ಆತ ಹೇಳಿದ್ದು, "ಅರೇ ಭಾಯ್, ಶುಕ್ರವಾರ ಒಮ್ಮೆ ಹೋಗಿ ಬರ್ರಿ, ನೋಡಿದ್ರ ಏನಾಗ್ತದ?" ಇವನು ಶಾಂತವಾಗಿ ಹೇಳಿದ: "ಇಲ್ರೀ ಸರ್, ಅಲ್ಲಿ ಸಹಿ ಮಾಡೇನ್ರಿ. ಮೇಡಂಗೂ ಮೇಲ್ ಹಾಕೇನ್ರಿ." ಎರಡನೇ ಮಾತು ಕೇಳಿದ ಮೇಲೆ ಆತ ಒತ್ತಾಯ ಮಾಡಲಿಲ್ಲ. ಮೇಲ್ ಮೊದಲು, ಕನ್ಸಲ್ಟಂಟ್ ಆಮೇಲೆ ಅಂತ ನಾನು ಹೇಳಿದ್ದು ಇದಕ್ಕೇ.

ಇಂಟರ್‌ವ್ಯೂಗೆ ಒಂದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಈ ಕ್ರಮ ಬೇಡ. ಮೊದಲು ಎಚ್‌ಆರ್‌ಗೆ ಫೋನ್, ಕೂಡಲೇ ಮೇಲ್. ದಿನ ಮೀರಿಯೇ ಹೋಗಿದ್ದರೆ ಅವತ್ತೇ ಸಂಜೆ ಇದೇ ಪತ್ರ ಬರೆಯಿರಿ, ಮೊದಲ ಸಾಲಿನಲ್ಲಿ "ತಿಳಿಸದೇ ಬಾರದಿದ್ದದ್ದು ನನ್ನ ತಪ್ಪು" ಅಂತ ಸೇರಿಸಿ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮೇಡಂ ಉತ್ತರ ಬಂತು. ಡ್ರಾಯಿಂಗ್ ಅಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ದರು, ಯಾವ ಕಂಪನಿ ಅಂತ ಕೇಳಿರಲಿಲ್ಲ. ಮಧ್ಯಾಹ್ನ ಫೋನ್ ಮಾಡಿದರಂತೆ. ಇವನ ಎದೆ ಹೊಡೆದುಕೊಂಡಿತ್ತು. ಅವರು ಕೇಳಿದ್ದು, "ನಿಮ್ಮ ಬ್ಯಾಚಿನವ್ರು ಕ್ವಾಲಿಟಿ ಒಳಗ ಯಾರರ ಕೆಲಸ ಹುಡುಕಾಕತ್ತಾರೇನ್ರಿ?" ಅಂತ. ಚಿಕ್ಕೋಡಿಯ ಒಬ್ಬ ಗೆಳೆಯನಿಗೆ ಕೇಳಿ, ಅವನು ಹ್ಞೂಂ ಅಂದಮೇಲೆ ನಂಬರ್ ಕಳಿಸಿದ.