800 ಕಟ್ಟಿದರೂ ಬಿಲ್ಲು ಏರಿದ್ದೇಕೆ?

ಕಳೆದ ಆಗಸ್ಟ್‌ನಲ್ಲಿ ನನ್ನ ಹಳೆಯ ಕಕ್ಷಿದಾರರೊಬ್ಬರು ಕಚೇರಿಗೆ ಬಂದರು. ಪಿಯು ಕಾಲೇಜಿನಲ್ಲಿ ಉಪನ್ಯಾಸಕರು, ಲೆಕ್ಕದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಮೊಬೈಲಿನಲ್ಲಿ ಕ್ರೆಡಿಟ್ ಕಾರ್ಡಿನ ಎರಡು ಬಿಲ್ಲು ತೆರೆದು ನನ್ನ ಮುಂದಿಟ್ಟರು.

"ಸರ್, ಹೋದ ತಿಂಗಳು 40,000 ಬಾಕಿ ಇತ್ತು. ಅವರು ಕೇಳಿದಷ್ಟು ಕಟ್ಟಿದೀನಿ. ಈಗ 42,230 ಅಂತ ಬಂದಿದೆ. ನಡುವೆ ಒಂದು ರೂಪಾಯಿಯ ಸಾಮಾನೂ ತಗೊಂಡಿಲ್ಲ. ಇದು ಮೋಸ ಅಲ್ವಾ?"

ಮೋಸವಲ್ಲ. ಬಿಲ್ಲಿನಲ್ಲಿದ್ದ ಲೆಕ್ಕ ಸರಿಯಾಗಿಯೇ ಇತ್ತು. "ಅವರು ಕೇಳಿದಷ್ಟು" ಎಂದು ಇವರು ತಿಳಿದದ್ದೇ ತಪ್ಪು.

ಜೂನ್ 10ರಂದು ಅವರು ಕಾರ್ಡ್ ಉಜ್ಜಿ 40,000 ರೂಪಾಯಿಯ ಫ್ರಿಜ್ ತಂದಿದ್ದರು. ಜುಲೈ 5ಕ್ಕೆ ಬಿಲ್ಲು ಬಂತು, ಕಟ್ಟಲು ಕೊನೆಯ ದಿನ ಜುಲೈ 25. ಬಿಲ್ಲಿನಲ್ಲಿ ಎರಡು ಮೊತ್ತಗಳಿದ್ದವು: ಒಟ್ಟು ಬಾಕಿ 40,000, ಕನಿಷ್ಠ ಬಾಕಿ 800. ಮಗಳ ಶಾಲಾ ಶುಲ್ಕದ ತಿಂಗಳು ಅದು. ಇವರು 25ರಂದು 800 ಕಟ್ಟಿ ನಿಶ್ಚಿಂತರಾದರು. ಆ 800ರಿಂದ ಸಿಕ್ಕಿದ್ದು ಎರಡೇ: ತಡಪಾವತಿಯ ದಂಡ ಬೀಳಲಿಲ್ಲ, ಸಾಲದ ದಾಖಲೆಯಲ್ಲಿ "ಕಟ್ಟಿಲ್ಲ" ಎಂಬ ಕಪ್ಪುಚುಕ್ಕೆ ಕೂರಲಿಲ್ಲ. ಬಡ್ಡಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಕಾರ್ಡಿನಲ್ಲಿ ನಲವತ್ತು ಐವತ್ತು ದಿನ ಬಡ್ಡಿಯಿಲ್ಲ ಎಂದು ಎಲ್ಲರಿಗೂ ಗೊತ್ತು. ಅದಕ್ಕಿರುವ ಷರತ್ತು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಒಟ್ಟು ಬಾಕಿಯನ್ನು ಪೂರ್ತಿ ಕಟ್ಟಿದರಷ್ಟೇ ಆ ಸೌಲಭ್ಯ. ಒಂದಿಷ್ಟು ಉಳಿಸಿಕೊಂಡರೆ ಅದು ರದ್ದಾಗುತ್ತದೆ. ರದ್ದಾಗುವುದೂ ಜುಲೈ 25ರಿಂದಲ್ಲ, ಫ್ರಿಜ್ ಕೊಂಡ ಜೂನ್ 10ರಿಂದಲೇ.

ಅವರ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ಕೇಳಲು ಚಿಕ್ಕದು, ವರ್ಷಕ್ಕೆ 42. ಕಾಗದ ತೆಗೆದು ದಿನ ಎಣಿಸಿದೆವು. ಜೂನ್ 10ರಿಂದ ಜುಲೈ 25ರವರೆಗೆ 45 ದಿನ, 40,000ದ ಮೇಲೆ ಬಡ್ಡಿ 2,071. 800 ಕಟ್ಟಿದ ಮೇಲೆ ಉಳಿದ 39,200ಕ್ಕೆ ಆಗಸ್ಟ್ 5ರವರೆಗೆ 11 ದಿನದ ಬಡ್ಡಿ 496. ಎರಡೂ ಸೇರಿ 2,567. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 462. ಮನೆ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಇದೆ. ಬಡ್ಡಿ, ತೆರಿಗೆ, ಬಿಟ್ಟ ಪೈಸೆಗಳು ಎಲ್ಲ ಕೂಡಿ 3,030 ಆಯಿತು. 39,200ಕ್ಕೆ ಅದನ್ನು ಸೇರಿಸಿ ನೋಡಿದರೆ ಬಿಲ್ಲಿನಲ್ಲಿದ್ದ 42,230 ಸರಿಯಾಗಿ ಬಂತು.

ಮೇಷ್ಟ್ರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದ್ದು: "ಇಷ್ಟು ಬಡ್ಡಿಗೆ ಮಿತಿ ಅಂತ ಏನೂ ಇಲ್ವಾ ಸರ್?"

ಒಂದು ಕಾಲಕ್ಕೆ ಇತ್ತು ಎನ್ನಬಹುದು. ವರ್ಷಕ್ಕೆ 30 ಪರ್ಸೆಂಟ್ ಮೀರಿದರೆ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ದರ ನಿಮ್ಮ ಬಿಲ್ಲಿನಲ್ಲಿ ಬರೆದಷ್ಟೇ, ಅದನ್ನು ಓದಿಕೊಳ್ಳಬೇಕಾದವರು ನೀವೇ.

ಅವರಿಗೆ ಇನ್ನೂ ದೊಡ್ಡ ಗಾಬರಿಯಾದದ್ದು ಆಗಸ್ಟ್ ಬಿಲ್ಲಿನ ಕನಿಷ್ಠ ಬಾಕಿ ಕಂಡು. ಹೋದ ತಿಂಗಳು 800 ಇದ್ದದ್ದು ಈಗ 3,814. ಕನಿಷ್ಠ ಕಟ್ಟಿಕೊಂಡೇ ಹೋದರೂ ಸಾಲ ಬೆಳೆಯುತ್ತಲೇ ಇರುವಂತೆ ಆಗಬಾರದು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಹಾಗಾಗಿ ಬಿಲ್ಲಿಗೆ ಬಂದ ಬಡ್ಡಿ, ತೆರಿಗೆ ಪೂರ್ತಿಯಾಗಿ ಕನಿಷ್ಠದೊಳಗೆ ಬರುತ್ತವೆ, ಮೇಲೆ ಅಸಲಿನ ಒಂದು ಚೂರು. ಆ ಚೂರು ಎಷ್ಟೆಂಬುದು ಬ್ಯಾಂಕಿಂದ ಬ್ಯಾಂಕಿಗೆ ಬೇರೆ. ಇವರ ಕಾರ್ಡಿನಲ್ಲಿ 2 ಪರ್ಸೆಂಟ್. ಮೊದಲ ಬಿಲ್ಲಿನಲ್ಲಿ ಬಡ್ಡಿಯೇ ಇರಲಿಲ್ಲ, ಅದಕ್ಕೇ 40,000ದ 2 ಪರ್ಸೆಂಟ್, ಬರೀ 800. ಮೊದಲ ತಿಂಗಳ ಕನಿಷ್ಠ ಇಷ್ಟು ಹಗುರವಾಗಿರುವುದರಿಂದಲೇ ಜನ ಬೀಳುವುದು ಎಂದು ನನ್ನ ಅನುಭವ.

"ಹೀಗೇ ಕನಿಷ್ಠ ಕಟ್ಟುತ್ತಾ ಹೋದರೆ?" ಎಂದರು. ಕಾರ್ಡನ್ನು ಮತ್ತೆ ಮುಟ್ಟುವುದೇ ಇಲ್ಲ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಮುಂದಿನ ಬಿಲ್ಲಿನ ಕನಿಷ್ಠ ಸುಮಾರು 2,400, ಅದರಲ್ಲಿ ಅಸಲಿಗೆ ಹೋಗುವುದು 768 ಮಾತ್ರ. ಉಳಿದದ್ದೆಲ್ಲ ಬಡ್ಡಿ ಮತ್ತು ಅದರ ತೆರಿಗೆ. ಈ ಪ್ರಮಾಣ ಕೊನೆಯವರೆಗೂ ಹೆಚ್ಚುಕಡಿಮೆ ಹೀಗೇ ಇರುತ್ತದೆ: ಒಂದು ರೂಪಾಯಿ ಅಸಲು ತೀರಬೇಕಾದರೆ ಎರಡು ರೂಪಾಯಿ ಬಡ್ಡಿಗೆ ಕೊಡಬೇಕು. 39,200 ಅರ್ಧಕ್ಕೆ ಇಳಿಯಲು ಮೂರು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಅಷ್ಟರಲ್ಲಿ ಸುಮಾರು 60,000 ಕಟ್ಟಿರುತ್ತೀರಿ, 19,600 ಇನ್ನೂ ಉಳಿದಿರುತ್ತದೆ. ಫ್ರಿಜ್ಜಿನ ವಾರಂಟಿ ಯಾವಾಗಲೋ ಮುಗಿದಿರುತ್ತದೆ.

ಕಾರ್ಡ್ ಮುಟ್ಟಿದರೆ ಕಥೆಯೇ ಬೇರೆ. ಬಾಕಿ ಉಳಿದಿರುವಾಗ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ. ಆಗಸ್ಟ್ 8ಕ್ಕೆ 6,000ದ ದಿನಸಿ ತಂದರೆ ಸೆಪ್ಟೆಂಬರ್ 5ರ ಬಿಲ್ಲಿಗೆ ಆ ದಿನಸಿಯೊಂದರ ಬಡ್ಡಿಯೇ ತೆರಿಗೆ ಸೇರಿ 228. ಶೇಕಡಾ ಒಂದರ ರಿವಾರ್ಡ್ ಪಾಯಿಂಟ್‌ಗೆ ಆಸೆಪಟ್ಟು ದಿನಸಿಯನ್ನು ಶೇಕಡಾ ನಾಲ್ಕರಷ್ಟು ತುಟ್ಟಿ ಮಾಡಿಕೊಂಡಂತೆ. ಬಾಕಿ ತೀರುವವರೆಗೆ ಕಾರ್ಡು ಬೀರುವಿನಲ್ಲಿರಲಿ ಎಂದು ನಾನು ಹೇಳುವುದು ಇದಕ್ಕೇ.

ಬಾಕಿಯನ್ನು ಇಎಂಐಗೆ ಬದಲಾಯಿಸಿ ಎಂದು ಬ್ಯಾಂಕಿನಿಂದ ಅವರಿಗೆ ಫೋನ್ ಬಂದಿತ್ತಂತೆ. ಕಾರ್ಡಿನ ಬಡ್ಡಿಗಿಂತ ಅದು ಎಷ್ಟೋ ವಾಸಿ. ಆದರೂ ಪ್ರೊಸೆಸಿಂಗ್ ಶುಲ್ಕ, ಪ್ರತಿ ಕಂತಿನ ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿಸಿ ನೋಡಿಯೇ ಒಪ್ಪಬೇಕು. ಇವರಿಗೆ ಅದಕ್ಕಿಂತ ಒಳ್ಳೆಯ ದಾರಿಯಿತ್ತು. ಅವರೇ ಸದಸ್ಯರಾಗಿದ್ದ ಸಹಕಾರ ಸಂಘದಲ್ಲಿ ಚಿನ್ನದ ಸಾಲಕ್ಕೆ ವರ್ಷಕ್ಕೆ 11 ಪರ್ಸೆಂಟ್, 42,230ಕ್ಕೆ ತಿಂಗಳ ಬಡ್ಡಿ ನಾನೂರರೊಳಗೆ. ಬಳೆ ಅಡವಿಡಲು ಮೇಷ್ಟ್ರಿಗೆ ಸಂಕೋಚ. ಮನೆಯವರಿಗೇನೂ ಸಂಕೋಚವಿರಲಿಲ್ಲ. ಲೆಕ್ಕ ಕೇಳಿದ ಕೂಡಲೇ ತೆಗೆದುಕೊಟ್ಟರಂತೆ.

ಕೊನೆಯ ದಿನಾಂಕ ಆಗಸ್ಟ್ 25 ಇದೆಯಲ್ಲ ಎಂದು ಕಾಯಬೇಡಿ ಎಂದಿದ್ದೆ. ಇಲ್ಲಿ ಬಡ್ಡಿ ದಿನದ ಲೆಕ್ಕ. ಆಗಸ್ಟ್ 14ಕ್ಕೇ ಪೂರ್ತಿ 42,230 ಕಟ್ಟಿದರು.

ಸೆಪ್ಟೆಂಬರ್ 5ರ ಸಂಜೆ ಮತ್ತೆ ಫೋನ್. "ಸರ್, ಪೂರ್ತಿ ಕಟ್ಟಿದ ಮೇಲೂ 479 ಅಂತ ಬಂದಿದೆ!" ಇದನ್ನು ಮೊದಲೇ ಹೇಳದೆ ಇದ್ದದ್ದು ನನ್ನದೇ ತಪ್ಪು. ಆಗಸ್ಟ್ 5ರ ಬಿಲ್ಲು ಆ ದಿನದವರೆಗಿನ ಬಡ್ಡಿಯದು. ಅಲ್ಲಿಂದ ಹಣ ಕಟ್ಟಿದ 14ರವರೆಗಿನ 9 ದಿನದ ಬಡ್ಡಿ 406, ತೆರಿಗೆ 73. ಅದು ಮುಂದಿನ ಬಿಲ್ಲಿಗೇ ಬರಬೇಕು. 25ರವರೆಗೆ ಕಾದಿದ್ದರೆ 1,064 ಆಗುತ್ತಿತ್ತು. ಇದನ್ನು ಮೋಸವೆಂದು ತಿಳಿದು ಕಟ್ಟದೆ ಹಟ ಹಿಡಿದವರನ್ನು ಕಂಡಿದ್ದೇನೆ. ಕಟ್ಟುವ ಕೊನೆಯ ದಿನದಿಂದ ಮೂರು ದಿನ ಮೀರಿದರೆ ಆ ಚಿಲ್ಲರೆ ಬಾಕಿಗೂ ದಂಡ ಸೇರಿಕೊಳ್ಳಬಹುದು, ಸಾಲದ ದಾಖಲೆಗೂ ಕಲೆ ಹತ್ತಬಹುದು.

ಅವರು ಫೋನ್ ಇಡುವ ಮೊದಲೇ 479 ಕಟ್ಟಿದರು. ಅಕ್ಟೋಬರ್ ಬಿಲ್ಲಿನಲ್ಲಿ ಒಂದು ರೂಪಾಯಿ ಚಿಲ್ಲರೆ ಬಂದಿತ್ತು, ಅದನ್ನೂ ಕಟ್ಟಿದರು. ನವೆಂಬರ್‌ನಲ್ಲಿ ಸೊನ್ನೆ.